‘ಹೇಳ್ಬೇಡಿ’ ಹೋಗಿ ‘ಹೇಳ್ಬೇಡ’ ಆಗುವ ಸ್ಟಿಕ್ಕರ್

ಪ್ರಶ್ನೆ: ನಮ್ಮ ಪುಸ್ತಕ ಓದೋ ಗುಂಪಿಗೆ ಅಂತ ವಾಟ್ಸಾಪ್ ಸ್ಟಿಕ್ಕರ್ ಪ್ಯಾಕ್ ಮಾಡ್ತಾ ಇದೀನಿ. ಕಾಗದದ ಮೇಲೆ ಬೆಕ್ಕು ಬಿಡಿಸಿ, ಫೋಟೋ ತೆಗೆದು, ಗಿಂಪ್‌ನಲ್ಲಿ ಬಿಳಿ ಹಿನ್ನೆಲೆ ಅಳಿಸಿದೆ. ಕಂಪ್ಯೂಟರಲ್ಲಿ ಚೆನ್ನಾಗಿ ಕಾಣುತ್ತೆ. ಫೋನಲ್ಲಿ ಮಾತ್ರ ‘ಕ್ಲೈಮ್ಯಾಕ್ಸ್ ಹೇಳ್ಬೇಡಿ’ ಅನ್ನೋದು ಓದೋಕೇ ಆಗಲ್ಲ, ಡಾರ್ಕ್ ಮೋಡ್ ಹಾಕಿದ್ರೆ ಬೆಕ್ಕಿನ ಸುತ್ತ ಬಿಳಿ ಪುಡಿ ಉದುರಿದ ಹಾಗೆ ಕಾಣುತ್ತೆ. ಸೈಜ್ ಎಷ್ಟಿಡಬೇಕು, ಎಲ್ಲಿ ತಪ್ಪಿದೆ?

ಉತ್ತರ:

ನೀವು ಕಳಿಸಿದ ಫೈಲ್ ತೆರೆದು ನೋಡಿದೆ. ಬೆಕ್ಕು ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತೊಂದರೆ ಇರುವುದು ಎರಡೇ ಕಡೆ. ಒಂದು, ಅಕ್ಷರಗಳನ್ನು ನೀವು ಕಂಪ್ಯೂಟರ್ ಪರದೆ ನೋಡಿಕೊಂಡು ಕೂರಿಸಿದ್ದೀರಿ. ಇನ್ನೊಂದು, ಹಿನ್ನೆಲೆಯನ್ನು ಪೂರ್ತಿ ತೆಗೆದಿಲ್ಲ, ತೆಗೆದ ಹಾಗೆ ಕಾಣುತ್ತಿದೆ ಅಷ್ಟೇ.

ಮೊದಲು ಸೈಜ್ ವಿಷಯ ಮುಗಿಸಿಬಿಡೋಣ, ಅದರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವಂಥದ್ದು ಇಲ್ಲ. ವಾಟ್ಸಾಪ್‌ಗೆ ಪ್ರತಿ ಸ್ಟಿಕ್ಕರ್ ಸರಿಯಾಗಿ 512 x 512 ಪಿಕ್ಸೆಲ್ ಇರಬೇಕು, ವೆಬ್‌ಪಿ ಫೈಲ್ ಆಗಿರಬೇಕು, ಅಲುಗಾಡದ ಸ್ಟಿಕ್ಕರ್ ಆದರೆ 100 ಕೆಬಿ ದಾಟಬಾರದು. ಒಂದು ಪ್ಯಾಕ್‌ನಲ್ಲಿ ಕನಿಷ್ಠ 3, ಗರಿಷ್ಠ 30. ಇದರ ಜೊತೆ ಪ್ಯಾಕ್ ಗುರುತಿಸಲು 96 x 96 ಪಿಕ್ಸೆಲ್‌ನ ಪುಟ್ಟ ಐಕಾನ್ ಒಂದು ಬೇಕು, ಅದು 50 ಕೆಬಿ ಒಳಗೆ. ಚಿತ್ರಕ್ಕೂ ಚೌಕದ ಅಂಚಿಗೂ ನಡುವೆ 16 ಪಿಕ್ಸೆಲ್ ಖಾಲಿ ಬಿಡಿ, ಚಿತ್ರದ ಸುತ್ತ 8 ಪಿಕ್ಸೆಲ್ ಬಿಳಿ ಗೆರೆ ಎಳೆಯಿರಿ ಅಂತ ವಾಟ್ಸಾಪ್‌ನವರೇ ಸಲಹೆ ಕೊಡುತ್ತಾರೆ. ಮುಂದೆ ಇದನ್ನೇ ಟೆಲಿಗ್ರಾಂಗೂ ಹಾಕುವ ಯೋಚನೆ ಇದ್ದರೆ ಅಲ್ಲಿಯೂ ಒಂದು ಬದಿ 512 ಇದ್ದರೆ ಸಾಕು, ಇನ್ನೊಂದು ಬದಿ ಅದಕ್ಕಿಂತ ಕಡಿಮೆ ಇರಬಹುದು. ಹಾಗಾಗಿ ವಾಟ್ಸಾಪ್‌ಗೆ ಮಾಡಿದ ಚಿತ್ರ ಅಲ್ಲಿಗೂ ನಡೆಯುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. 512 ಅನ್ನುವ ಸಂಖ್ಯೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಂಪ್ಯೂಟರಿನಲ್ಲಿ ಅದು ಅಂಗೈಯಷ್ಟು ಕಾಣುತ್ತದೆ, ಅಲ್ಲಿ ನೋಡಿ ಸಮಾಧಾನಪಡುತ್ತೇವೆ. ಫೋನಿನಲ್ಲಿ ಸ್ಟಿಕ್ಕರ್ ಆರಿಸುವ ಜಾಗ ತೆರೆಯಿರಿ. ಒಂದು ಸಾಲಿನಲ್ಲಿ ನಾಲ್ಕೋ ಐದೋ ಸ್ಟಿಕ್ಕರ್ ಇರುತ್ತವೆ. ಫೋನಿನ ಪರದೆಯ ಅಗಲ ಸುಮಾರು 6.5 ಸೆಂಟಿಮೀಟರ್ ಅಂದುಕೊಂಡರೆ ಒಂದು ಸ್ಟಿಕ್ಕರ್‌ಗೆ ಸಿಗುವುದು 13 ಮಿಲಿಮೀಟರ್. ಅಂದರೆ ನಿಮ್ಮ 512 ಪಿಕ್ಸೆಲ್ ಅಷ್ಟೂ ಆ 13 ಮಿಲಿಮೀಟರಿನೊಳಗೆ ಕೂರಬೇಕು. ಭಾಗಿಸಿ ನೋಡಿ, ಸುಮಾರು 40 ಪಿಕ್ಸೆಲ್‌ಗೆ ಒಂದು ಮಿಲಿಮೀಟರ್ ಆಯ್ತು.

ಈ 40 ಅನ್ನು ಒಂದು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿಕೊಳ್ಳಿ. ನಾನು ಹಾಗೇ ಮಾಡಿದ್ದೇನೆ. ಏನೇ ಬಿಡಿಸಿದರೂ 40ರಿಂದ ಭಾಗಿಸುವುದು. 4 ಪಿಕ್ಸೆಲ್ ದಪ್ಪದ ಗೆರೆ ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅದು ಕೂದಲಿನ ಹಾಗೆ, ಕಂಡರೂ ಕಾಣದ ಹಾಗೆ ಇರುತ್ತದೆ. 12 ಪಿಕ್ಸೆಲ್ ಗೆರೆ 0.3 ಮಿಲಿಮೀಟರ್, ಸಣ್ಣ ಪೆನ್ನಿನ ಗೆರೆಯಷ್ಟು. ಅದು ಕಾಣುತ್ತದೆ. ನಿಮ್ಮ ಬೆಕ್ಕಿನ ಮೀಸೆ 3 ಪಿಕ್ಸೆಲ್ ಇದೆ. ಅದಕ್ಕೇ ಫೋನಿನಲ್ಲಿ ಬೆಕ್ಕಿಗೆ ಮೀಸೆಯೇ ಇಲ್ಲ! ಆರು ಸಣ್ಣ ಮೀಸೆಯ ಬದಲು ನಾಲ್ಕು ದಪ್ಪ ಮೀಸೆ ಎಳೆಯಿರಿ, ಪ್ರತಿಯೊಂದೂ 10ರಿಂದ 12 ಪಿಕ್ಸೆಲ್. ದೊಡ್ಡದಾಗಿ ನೋಡುವಾಗ ಒರಟು ಅನ್ನಿಸುತ್ತದೆ, ಅನ್ನಿಸಲಿ.

ಕಳಿಸಿದ ಮೇಲೆ ಹರಟೆಯಲ್ಲಿ ಸ್ಟಿಕ್ಕರ್ ಇದಕ್ಕಿಂತ ದೊಡ್ಡದಾಗೇ ಕಾಣುತ್ತದೆ, ಅಲ್ಲಿ ಓದಬಹುದಲ್ಲ ಅಂತ ಕೇಳಬಹುದು. ಸರಿ, ಆದರೆ ಆರಿಸುವಾಗ ಓದಲಾಗದ್ದನ್ನು ಯಾರೂ ಕಳಿಸುವುದಿಲ್ಲ. ಬೆರಳು ಸರಿಸುತ್ತಾ ಅರ್ಧ ಕ್ಷಣದಲ್ಲಿ ಹುಡುಕುವ ಜಾಗ ಅದು. ಹಾಗಾಗಿ ಅಳತೆಯನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕು.

ನಿಮ್ಮ ‘ಕ್ಲೈಮ್ಯಾಕ್ಸ್ ಹೇಳ್ಬೇಡಿ’ಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದನ್ನು ಬೆಕ್ಕಿನ ಕೆಳಗೆ ಒಂದೇ ಸಾಲಿನಲ್ಲಿ ಹಾಕಿದ್ದೀರಿ. ಕನ್ನಡ ಅಕ್ಷರ ಅಗಲ ಜಾಸ್ತಿ. ಮಾತ್ರೆ, ದೀರ್ಘ ಎಲ್ಲಾ ಸೇರಿ ಆ ಎರಡು ಪದ ಸುಮಾರು ಹನ್ನೊಂದು ಅಕ್ಷರದ ಜಾಗ ಹಿಡಿಯುತ್ತವೆ. ಇರುವುದು 460 ಪಿಕ್ಸೆಲ್ ಅಗಲ. ಒಂದೊಂದು ಅಕ್ಷರಕ್ಕೆ ಸಿಗುವುದು 42 ಪಿಕ್ಸೆಲ್. 40ರಿಂದ ಭಾಗಿಸಿ. ಒಂದು ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರ!

ಇಷ್ಟಾದರೂ ಸರಳ ಅಕ್ಷರಗಳಾಗಿದ್ದರೆ ಹೇಗೋ ಗುರುತು ಸಿಗುತ್ತಿತ್ತೇನೋ. ‘ಕ್ಲೈಮ್ಯಾಕ್ಸ್’ ಅನ್ನುವ ಪದವನ್ನು ಒಂದು ಸಲ ದೊಡ್ಡದಾಗಿ ಬರೆದು ನೋಡಿ. ‘ಕ್ಲೈ’ ಒಂದರಲ್ಲೇ ತಲೆ ಮೇಲೆ ಎತ್ವ, ಕಾಲ ಕೆಳಗೆ ಲ ಒತ್ತು, ಅದರ ಪಕ್ಕದಲ್ಲೇ ಐತ್ವದ ಬಾಲ. ‘ಮ್ಯಾ’ದಲ್ಲಿ ಯ ಒತ್ತು, ‘ಕ್ಸ್’ನಲ್ಲಿ ಕೆಳಗೆ ಸ ಒತ್ತು, ಮೇಲೆ ಅರ್ಧಾಕ್ಷರದ ಕೊಂಬು. ಒತ್ತಕ್ಷರ ಸಾಮಾನ್ಯವಾಗಿ ಮೇಲಿನ ಅಕ್ಷರದ ಅರ್ಧದಷ್ಟಿರುತ್ತದೆ. ಅಂದರೆ ನಿಮ್ಮ ಒತ್ತುಗಳು ಅರ್ಧ ಮಿಲಿಮೀಟರ್. ಅದರೊಳಗಿನ ಸುರುಳಿ ಇನ್ನೂ ಸಣ್ಣದು. ಇಂಗ್ಲಿಷಿನ ದಪ್ಪ ದೊಡ್ಡಕ್ಷರಗಳಿಗೆ ಮಾಡಿದ ಸ್ಟಿಕ್ಕರ್ ಮಾದರಿಯನ್ನು ತಂದು ಅದೇ ಜಾಗದಲ್ಲಿ ಕನ್ನಡ ತುಂಬಿದರೆ ಹೀಗೇ ಆಗುವುದು. ಅವರಿಗೆ ಒಂದೇ ಅಂತಸ್ತು, ನಮಗೆ ಮೂರು: ಮೇಲಿನ ಗುಣಿತ, ನಡುವಿನ ಮೈ, ಕೆಳಗಿನ ಒತ್ತು.

ಇದಕ್ಕೆ ಪರಿಹಾರ ಫಾಂಟ್‌ನಲ್ಲಿಲ್ಲ, ಪದದಲ್ಲಿದೆ. ಯಾರೋ ಕಥೆಯ ಕೊನೆ ಹೇಳಲು ಹೊರಟಾಗ ಕಳಿಸುವ ಸ್ಟಿಕ್ಕರ್ ತಾನೇ ಇದು? ಏನನ್ನು ಹೇಳಬೇಡಿ ಅನ್ನುವುದು ಆ ಹರಟೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಬೆಕ್ಕು ಕಿವಿ ಮುಚ್ಚಿಕೊಂಡಿದೆ ಬೇರೆ. ‘ಕ್ಲೈಮ್ಯಾಕ್ಸ್’ ತೆಗೆದುಬಿಡಿ. ಉಳಿಯುವುದು ‘ಹೇಳ್ಬೇಡಿ!’ ಅಷ್ಟೇ, ಸುಮಾರು ಐದು ಅಕ್ಷರದ ಜಾಗ. ಈಗ ಅದೇ 460ರಲ್ಲಿ ಅಕ್ಷರದ ಮೈ ಸುಮಾರು 95 ಪಿಕ್ಸೆಲ್ ಎತ್ತರಕ್ಕೆ ಬೆಳೆಯುತ್ತದೆ. ಫೋನಿನಲ್ಲಿ 2.4 ಮಿಲಿಮೀಟರ್. ಬ ಒತ್ತು ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಇದು ಓದಬಹುದಾದ ಅಳತೆ. ನನ್ನ ಕೈಯಳತೆ ಏನೆಂದರೆ ಅಕ್ಷರದ ಮೈ 90 ಪಿಕ್ಸೆಲ್‌ಗಿಂತ ಕೆಳಗೆ ಇಳಿಯಬಾರದು. ಇಳಿಯುತ್ತಿದೆ ಅಂದರೆ ಮಾತು ಜಾಸ್ತಿಯಾಗಿದೆ ಅಂತ ಅರ್ಥ.

ಎರಡು ಸಾಲು ಮಾಡಬಹುದಲ್ವಾ ಅಂತ ನಿಮಗೆ ಅನ್ನಿಸಿರುತ್ತದೆ. ಮಾಡಬಹುದು, ಆದರೆ ಮೇಲಿನ ಸಾಲಿನಲ್ಲಿ ಒತ್ತಕ್ಷರ ಇದ್ದರೆ ಅದು ಇಳಿದು ಬಂದು ಕೆಳಸಾಲಿನ ಗುಣಿತಕ್ಕೆ ಢಿಕ್ಕಿ ಹೊಡೆಯುತ್ತದೆ. ಢಿಕ್ಕಿ ತಪ್ಪಿಸಲು ಸಾಲುಗಳನ್ನು ದೂರ ಮಾಡಿದರೆ ಬೆಕ್ಕಿಗೆ ಜಾಗ ಇರುವುದಿಲ್ಲ. ಎರಡು ಸಾಲು ಬೇಕೇ ಬೇಕು ಅಂದಾಗ ಮೇಲಿನ ಸಾಲಿಗೆ ಒತ್ತಿಲ್ಲದ ಪದ ಹಾಕಿ, ಒತ್ತು ಇರುವುದನ್ನು ಕೆಳಗಿನ ಸಾಲಿಗೆ ತಳ್ಳಿ. ನಿಮ್ಮ ಪಟ್ಟಿಯಲ್ಲಿರುವ ‘ಓದ್ಬಿಟ್ಟೆ’ಗೆ ಬದಲು ‘ಓದಿದೆ’ ಅಂದರೆ ಎರಡು ಒತ್ತು ಒಂದೇ ಏಟಿಗೆ ಹೋದವು. ಎಲ್ಲಾ ಒತ್ತುಗಳನ್ನೂ ಓಡಿಸಬೇಕು ಅಂತಲ್ಲ, ‘ಹೇಳ್ಬೇಡಿ’ಯ ಜಾಗದಲ್ಲಿ ‘ಹೇಳಬೇಡಿ’ ಅಂದರೆ ಮಾತಿನ ಖಾರವೇ ಹೋಗುತ್ತದೆ, ಅಗಲವೂ ಜಾಸ್ತಿ. ಅಲ್ಲಿ ಒತ್ತು ಇರಲಿ. ಪದವನ್ನು ಬೆಕ್ಕಿನ ಮೇಲ್ಗಡೆ ಇಟ್ಟು, ಆ ಬ ಒತ್ತು ಬೆಕ್ಕಿನ ಎರಡು ಕಿವಿಗಳ ನಡುವಿನ ಖಾಲಿ ಜಾಗಕ್ಕೆ ಇಳಿಯುವ ಹಾಗೆ ಕೂರಿಸಿ. ಜಾಗವೂ ಉಳಿಯುತ್ತದೆ, ಅಕ್ಷರವೂ ಚಿತ್ರವೂ ಒಂದಕ್ಕೊಂದು ಅಂಟಿಕೊಂಡು ಒಂದೇ ಆಕಾರ ಆಗುತ್ತದೆ. ಇದು ಯಾಕೆ ಬೇಕು ಅಂತ ಆಮೇಲೆ ಬಿಳಿ ಗೆರೆ ಎಳೆಯುವಾಗ ಗೊತ್ತಾಗುತ್ತದೆ.

ಅಕ್ಷರ ದಪ್ಪ ಮಾಡುವ ವಿಷಯದಲ್ಲಿ ಒಂದು ಎಚ್ಚರಿಕೆ. ಸಣ್ಣದಾಗಿ ಕಾಣುತ್ತಿಲ್ಲ ಅಂದ ಕೂಡಲೇ ಎಲ್ಲರೂ ಫಾಂಟ್‌ನ ಅತಿ ದಪ್ಪದ ಆವೃತ್ತಿ ಹಾಕುತ್ತಾರೆ, ಅದರ ಮೇಲೆ ಅದೇ ಬಣ್ಣದ ಗೆರೆ ಬೇರೆ ಎಳೆಯುತ್ತಾರೆ. ಕನ್ನಡದಲ್ಲಿ ಗುರುತು ಇರುವುದೇ ಅಕ್ಷರದೊಳಗಿನ ಸಣ್ಣ ಖಾಲಿ ಜಾಗಗಳಲ್ಲಿ. ಥ ಮತ್ತು ಧ ಬೇರೆ ಅನ್ನಿಸುವುದು ಒಳಗಿನ ಒಂದು ಚುಕ್ಕಿಯಿಂದ, ದ ಮತ್ತು ಧ ಬೇರೆ ಅನ್ನಿಸುವುದು ಕೆಳಗಿನ ಒಂದು ಸೀಳಿನಿಂದ. ದಪ್ಪ ಮಾಡುತ್ತಾ ಹೋದರೆ ಮೊದಲು ಮುಚ್ಚಿಕೊಳ್ಳುವುದು ಇವೇ. ನಿಮ್ಮ ಸ್ಟಿಕ್ಕರ್‌ನಲ್ಲಿ ಇನ್ನೊಂದು ತಮಾಷೆ ಇದೆ. ‘ಡಿ’ಯ ತಲೆ ಮೇಲೆ ಒಂದು ಪುಟ್ಟ ಸುರುಳಿ ಇರುತ್ತದಲ್ಲ, ಅದರ ಒಳಗಿನ ತೂತು ತುಂಬಿಹೋದರೆ ಸಣ್ಣದಾಗಿ ನೋಡುವವರಿಗೆ ಅದು ಬರೀ ತಲೆಕಟ್ಟಿನ ಹಾಗೆ ಕಾಣುತ್ತದೆ. ‘ಹೇಳ್ಬೇಡಿ’ ಹೋಗಿ ‘ಹೇಳ್ಬೇಡ’ ಆಗುತ್ತದೆ. ಗುಂಪಿನಲ್ಲಿ ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರು ಇದ್ದಾರೆ ಅಂದಿರಿ, ಅವರಿಗೆ ಹೀಗೆ ಏಕವಚನದಲ್ಲಿ ಕಳಿಸಿದರೆ ಆಮೇಲೆ ಫಾಂಟ್ ಸಮಸ್ಯೆ ಅಂತ ವಿವರಿಸುತ್ತಾ ಕೂರಬೇಕಾಗುತ್ತದೆ.

ಹಾಗಾಗಿ ಫಾಂಟ್ ಆರಿಸುವಾಗ ದಪ್ಪ ನೋಡಬೇಡಿ, ತೂತು ನೋಡಿ. ಅಕ್ಷರದ ಒಳಗಿನ ಅತಿ ಸಣ್ಣ ಖಾಲಿ ಜಾಗ ಕೊನೆಯ ಅಳತೆಯಲ್ಲಿ 8 ಪಿಕ್ಸೆಲ್ ಆದರೂ ಇರಬೇಕು. ಅಕ್ಷರದ ಗೆರೆ 12ರಿಂದ 16 ಪಿಕ್ಸೆಲ್ ಸಾಕು. ಗೆರೆಯ ದಪ್ಪ ಎಲ್ಲೆಡೆ ಒಂದೇ ಇರುವ, ಬಾಗುಗಳು ಅಗಲವಾಗಿ ತೆರೆದುಕೊಂಡಿರುವ ಫಾಂಟ್ ಆದರೆ ಒಳ್ಳೆಯದು. ಎಲ್ಲೋ ದಪ್ಪ ಎಲ್ಲೋ ಸಪೂರ ಆಗುವ ಕೈಬರಹದ ಫಾಂಟ್‌ಗಳಲ್ಲಿ ಆ ಸಪೂರ ಭಾಗ ಫೋನಿನಲ್ಲಿ ಮಾಯವಾಗುತ್ತದೆ. ಬೇಕಾದ ಫಾಂಟ್‌ನಲ್ಲಿ ‘ಡಿ’ ಸುರುಳಿ ಮುಚ್ಚಿಕೊಂಡಿದ್ದರೆ ಅಕ್ಷರವನ್ನು ಚಿತ್ರವಾಗಿ ಬದಲಿಸಿಕೊಂಡು ಆ ತೂತನ್ನು ಅಳಿಸುವ ರಬ್ಬರಿನಿಂದ ಸ್ವಲ್ಪ ಅಗಲ ಮಾಡಿ. ಮೋಸ ಅಲ್ಲ ಅದು, ಸಣ್ಣ ಅಳತೆಗೆ ಅಕ್ಷರ ಕೂರಿಸುವವರೆಲ್ಲ ಮಾಡುವ ಕೆಲಸವೇ.

ಇನ್ನು ಹಿನ್ನೆಲೆ. ಆ ಬಿಳಿ ಪುಡಿ ಎಲ್ಲಿಂದ ಬಂತು ಅನ್ನುವುದು ಗೊತ್ತಾದರೆ ಪರಿಹಾರ ತಾನಾಗೇ ಹೊಳೆಯುತ್ತದೆ. ನಿಮ್ಮ ಬೆಕ್ಕಿನ ಕಪ್ಪು ಗೆರೆ ಬಿಳಿ ಕಾಗದವನ್ನು ಮುಟ್ಟುವ ಕಡೆ ಕಪ್ಪು ಮುಗಿದು ತಕ್ಷಣ ಬಿಳಿ ಶುರುವಾಗುವುದಿಲ್ಲ. ನಡುವೆ ಎರಡು ಮೂರು ಪಿಕ್ಸೆಲ್‌ನಷ್ಟು ಬೂದು ಇರುತ್ತದೆ, ಕಡು ಬೂದು, ಬೂದು, ತೆಳು ಬೂದು. ಅಂಚು ನುಣುಪಾಗಿ ಕಾಣುವುದೇ ಇದರಿಂದ. ನೀವು ಬಿಳಿಯನ್ನು ಆಯ್ದು ಅಳಿಸಿದಾಗ ಹೋದದ್ದು ಅಚ್ಚ ಬಿಳಿ, ಇಲ್ಲವೇ ಅಚ್ಚ ಬಿಳಿಗೆ ಹತ್ತಿರದ್ದು. ತೆಳು ಬೂದು ಪಿಕ್ಸೆಲ್‌ಗಳು ಹಾಗೇ ಕೂತಿವೆ, ಅವುಗಳಲ್ಲಿ ಕಾಗದದ ಬಿಳಿ ಬೆರೆತಿದೆ. ಬಿಳಿ ಪರದೆಯ ಮೇಲೆ ಅವು ಕಾಣುವುದಿಲ್ಲ, ಕಪ್ಪು ಪರದೆಯ ಮೇಲೆ ಎದ್ದು ಕಾಣುತ್ತವೆ. ಫೋಟೋ ಜೆಪೆಗ್ ಆಗಿದ್ದರಿಂದ ಗೆರೆಯ ಪಕ್ಕದಲ್ಲಿ ಮತ್ತಷ್ಟು ಕಲೆ ಕೂಡಿಕೊಂಡಿದೆ. ಜೆಪೆಗ್‌ಗೆ ಪಾರದರ್ಶಕ ಅನ್ನುವುದೇ ಗೊತ್ತಿಲ್ಲ, ಜೊತೆಗೆ ಚೂಪಾದ ಗೆರೆಗಳ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕಿಗಳನ್ನು ಬಿಡುತ್ತದೆ.

ಇದನ್ನು ಸರಿಮಾಡಲು ಎರಡು ದಾರಿ. ಅಂದವಾದದ್ದು ಅಂದರೆ ಫೋಟೋವನ್ನು ಅಡಿಯಲ್ಲಿಟ್ಟು, ಅದರ ಮೇಲೆ ಖಾಲಿ ಪಾರದರ್ಶಕ ಲೇಯರ್ ಹಾಕಿಕೊಂಡು, ಬೆಕ್ಕನ್ನು ಹೊಸದಾಗಿ ತಿದ್ದುವುದು. ಆಮೇಲೆ ಅಡಿಯ ಫೋಟೋ ತೆಗೆದುಹಾಕಿದರಾಯ್ತು. ಅಂಚಿನ ಪಿಕ್ಸೆಲ್‌ಗಳು ಆಗ ಬೂದು ಆಗುವುದಿಲ್ಲ, ಅರೆಪಾರದರ್ಶಕ ಕಪ್ಪು ಆಗುತ್ತವೆ. ಯಾವ ಬಣ್ಣದ ಮೇಲಿಟ್ಟರೂ ಆ ಬಣ್ಣಕ್ಕೆ ಬೆರೆಯುತ್ತವೆ. ಹೇಗಿದ್ದರೂ ಮೀಸೆ, ಗೆರೆ ಎಲ್ಲಾ ದಪ್ಪ ಮಾಡಬೇಕಲ್ಲ, ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ.

ತಿದ್ದುವ ತಾಳ್ಮೆ ಇಲ್ಲದಿದ್ದರೆ ಎರಡನೆಯದು. ಬೆಕ್ಕಿನ ಹೊರಗಿನ ಬಿಳಿಯನ್ನು ಆಯ್ದುಕೊಳ್ಳಿ. ತಕ್ಷಣ ಅಳಿಸಬೇಡಿ. ಮೊದಲು `Select > Grow` ಒತ್ತಿ ಆಯ್ಕೆಯನ್ನು 2 ಅಥವಾ 3 ಪಿಕ್ಸೆಲ್ ಹಿಗ್ಗಿಸಿ, ಆಮೇಲೆ ಅಳಿಸಿ. ಆ ಬೂದು ಅಂಚು ಬಿಳಿಯ ಜೊತೆಗೇ ಹೋಗುತ್ತದೆ. ಕಪ್ಪು ಗೆರೆ ಒಂದಿಷ್ಟು ಸವೆಯುತ್ತದೆ, ಗೆರೆ ದಪ್ಪ ಇದ್ದರೆ ಅದು ಗೊತ್ತಾಗುವುದಿಲ್ಲ. ಗಿಂಪ್‌ನಲ್ಲಿ `Color to Alpha` ಅಂತ ಒಂದಿದೆ, ಬಿಳಿಯನ್ನೆಲ್ಲ ಪಾರದರ್ಶಕ ಮಾಡಿಕೊಡುತ್ತದೆ, ಅಂಚೂ ಚೊಕ್ಕ ಬರುತ್ತದೆ. ತುಂಬಾ ಜನ ಇದನ್ನೇ ಹೇಳಿಕೊಡುತ್ತಾರೆ. ಆದರೆ ಅದಕ್ಕೆ ಕಾಗದದ ಬಿಳಿ ಯಾವುದು, ಬೆಕ್ಕಿನ ಕಣ್ಣಿನ ಬಿಳಿ ಯಾವುದು ಅಂತ ತಿಳಿಯುವುದಿಲ್ಲ. ಬೆಕ್ಕಿನ ಕಣ್ಣು, ಹಲ್ಲು, ತೆರೆದ ಪುಸ್ತಕದ ಹಾಳೆ ಎಲ್ಲವೂ ತೂತಾಗುತ್ತವೆ. ಡಾರ್ಕ್ ಮೋಡ್‌ನಲ್ಲಿ ನೋಡಿದರೆ ಕಪ್ಪು ಕಣ್ಣಿನ ಬೆಕ್ಕು ಕಪ್ಪು ಹಾಳೆಯ ಪುಸ್ತಕ ಹಿಡಿದು ದೆವ್ವದ ಹಾಗೆ ಕೂತಿರುತ್ತದೆ. ಆ ದಾರಿ ಹಿಡಿದರೆ ಕೆಳಗೆ ಇನ್ನೊಂದು ಲೇಯರ್ ಹಾಕಿ ಬಿಳಿ ಇರಬೇಕಾದ ಜಾಗಗಳಿಗೆಲ್ಲ ಕೈಯಿಂದ ಬಿಳಿ ತುಂಬಬೇಕು. ಮರೆಯುವುದು ಸುಲಭ.

ಹಿನ್ನೆಲೆ ನಿಜವಾಗಿ ಹೋಗಿದೆಯೇ ಅಂತ ಗಿಂಪ್‌ನ ಬೂದು ಚೌಕಳಿಯ ಮೇಲೆ ನೋಡಿ ತೀರ್ಮಾನಿಸಬೇಡಿ. ಕೆಳಗೆ ಒಂದು ಲೇಯರ್ ಹಾಕಿ ಅದಕ್ಕೆ ಕಡು ಗುಲಾಬಿಯೋ ಎಲೆ ಹಸಿರೋ, ಒಟ್ಟಿನಲ್ಲಿ ಚಿತ್ರದಲ್ಲಿ ಎಲ್ಲೂ ಇಲ್ಲದ ಗಾಢ ಬಣ್ಣ ತುಂಬಿ. ಉಳಿದ ಪುಡಿ, ತುಂಬದ ಕಣ್ಣು ಎಲ್ಲಾ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತವೆ. ಫೈಲ್ ಉಳಿಸುವ ಮೊದಲು ಆ ಲೇಯರ್ ತೆಗೆಯುವುದು ಮಾತ್ರ ಮರೆಯಬೇಡಿ. ನಾನು ಒಮ್ಮೆ ಹನ್ನೆರಡು ಸ್ಟಿಕ್ಕರ್‌ಗಳನ್ನು ಗುಲಾಬಿ ಚೌಕದ ಸಮೇತ ಹಂಚಿದ್ದೇನೆ.

ಈಗ ಬಿಳಿ ಗೆರೆ. ನೀವು ಪುಡಿ ಪುಡಿ ಬಿಳಿಯನ್ನು ತೆಗೆಯಬೇಕು ಅಂತ ಒದ್ದಾಡುತ್ತಿದ್ದೀರಿ, ನಾನು ಬಿಳಿ ಗೆರೆ ಎಳೆಯಿರಿ ಅನ್ನುತ್ತಿದ್ದೇನೆ. ವಿಚಿತ್ರ ಅನ್ನಿಸಬಹುದು. ಆದರೆ ಯೋಚಿಸಿ, ನಿಮ್ಮ ಬೆಕ್ಕಿಗೆ ಕಪ್ಪು ಗೆರೆ, ಅಕ್ಷರವೂ ಕಪ್ಪು. ಪುಡಿ ಎಲ್ಲಾ ತೆಗೆದು ಚೊಕ್ಕ ಮಾಡಿ ಡಾರ್ಕ್ ಮೋಡ್‌ನಲ್ಲಿಟ್ಟರೆ ಕಪ್ಪು ಗೋಡೆಯ ಮೇಲೆ ಕಪ್ಪು ಅಕ್ಷರ, ಏನೂ ಕಾಣುವುದಿಲ್ಲ. ಸ್ಟಿಕ್ಕರ್ ಎಲ್ಲಿ ಹೋಗಿ ಕೂರುತ್ತದೋ ನಮಗೆ ಗೊತ್ತಿಲ್ಲ. ಒಬ್ಬರ ಹರಟೆಯ ಹಿನ್ನೆಲೆ ಬಿಳಿ, ಇನ್ನೊಬ್ಬರದು ಕಪ್ಪು, ಮತ್ತೊಬ್ಬರು ಮೊಮ್ಮಗುವಿನ ಫೋಟೋ ಹಾಕಿಕೊಂಡಿರುತ್ತಾರೆ. ಆದ್ದರಿಂದ ಎರಡು ಬೇಲಿ ಬೇಕು. ಒಳಗೆ ಚಿತ್ರದ್ದೇ ಕಪ್ಪು ಗೆರೆ, ಅದು ಬಿಳಿ ಹಿನ್ನೆಲೆಯಲ್ಲಿ ಕಾಯುತ್ತದೆ. ಅದರ ಹೊರಗೆ ಬಿಳಿ ಗೆರೆ, ಅದು ಕಪ್ಪು ಹಿನ್ನೆಲೆಯಲ್ಲಿ ಕಾಯುತ್ತದೆ. ಬರೀ ಬಿಳಿ ಅಕ್ಷರಕ್ಕೆ ಬಿಳಿ ಗೆರೆ ಎಳೆದರೆ ಬಿಳಿ ಹಿನ್ನೆಲೆಯಲ್ಲಿ ಅಷ್ಟೂ ಮಾಯ. ಬಿಳಿ ಅಕ್ಷರ ಬೇಕಾದರೆ ಅದರ ಸುತ್ತ ಮೊದಲು ಗಾಢ ಬಣ್ಣದ ಗೆರೆ, ಅದರಾಚೆ ಬಿಳಿ. ಬಿಳಿ ಗೆರೆಯ ಬದಲು ಮಸುಕು ನೆರಳು ಹಾಕುವವರಿದ್ದಾರೆ, ಅದು ಕಪ್ಪಿನ ಮೇಲೆ ಕಾಣುವುದಿಲ್ಲ, ಬಿಳಿಯ ಮೇಲೆ ಕೊಳೆಯ ಹಾಗೆ ಕಾಣುತ್ತದೆ. ನನಗಂತೂ ಇಷ್ಟವಿಲ್ಲ.

ಎಳೆಯುವ ಕ್ರಮ ಹೇಳುತ್ತೇನೆ. ಕೆಲಸವನ್ನು 512ರಲ್ಲಿ ಮಾಡಬೇಡಿ, ನಾಲ್ಕರಷ್ಟು, ಅಂದರೆ 2048 x 2048ರಲ್ಲಿ ಮಾಡಿ. ಹಾಗೆ ಮಾಡಿದರೆ ಕೊನೆಗೆ ಕಿರಿದು ಮಾಡಿದಾಗ ಅಂಚುಗಳು ನುಣುಪಾಗಿ ಬರುತ್ತವೆ. ಮೇಲೆ ಹೇಳಿದ ಎಲ್ಲಾ ಅಳತೆಗಳನ್ನೂ ನಾಲ್ಕರಿಂದ ಗುಣಿಸಿಕೊಳ್ಳಿ: ಅಂಚಿನ ಖಾಲಿ ಜಾಗ 64, ಬಿಳಿ ಗೆರೆ 32, ಅಕ್ಷರದ ಮೈ 380, ಮೀಸೆ 40ರಿಂದ 48. ಬೆಕ್ಕು ಮತ್ತು ಅಕ್ಷರ ಸೇರಿ ಉದ್ದಕ್ಕೂ ಅಗಲಕ್ಕೂ 1856 ಪಿಕ್ಸೆಲ್ ಒಳಗೆ ಇರಲಿ, ಆಗ ಸುತ್ತಲೂ ಬಿಳಿ ಗೆರೆಗೂ ಖಾಲಿ ಜಾಗಕ್ಕೂ ಸರಿಯಾಗುತ್ತದೆ. ಬೆಕ್ಕು ಮತ್ತು ಅಕ್ಷರದ ಲೇಯರ್‌ಗಳನ್ನು ಒಂದು ಮಾಡಿ. ಹಾಗೆ ಮಾಡಿದ ಲೇಯರ್ ಚಿತ್ರದಷ್ಟೇ ದೊಡ್ಡದಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ `Layer > Layer to Image Size`. ಆಮೇಲೆ `Layer > Transparency > Alpha to Selection`, ಅದು ಚಿತ್ರದ ಆಕಾರವನ್ನು ಆಯ್ದುಕೊಳ್ಳುತ್ತದೆ. `Select > Grow` ಒತ್ತಿ 32 ಕೊಡಿ. ಕೆಳಗೆ ಹೊಸ ಪಾರದರ್ಶಕ ಲೇಯರ್ ಹಾಕಿ, ಆಯ್ಕೆಯೊಳಗೆ ಬಿಳಿ ತುಂಬಿ.

ಅಕ್ಷರ ಮತ್ತು ಚಿತ್ರ ಅಂಟಿಕೊಂಡಿರಲಿ ಅಂದದ್ದು ಇಲ್ಲಿಗಾಗಿ. ಬೇರೆ ಬೇರೆ ತುಂಡುಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಬಿಳಿ ಗೆರೆ ಬರುತ್ತದೆ, ನಡುವೆ ಸಂದಿಗಳಲ್ಲಿ ಹಿನ್ನೆಲೆ ಇಣುಕುತ್ತದೆ, ಸಣ್ಣದಾದಾಗ ಅದೆಲ್ಲ ಕಲೆಯ ಹಾಗೆ ಕಾಣುತ್ತದೆ. ನೀವು ಬೆಕ್ಕಿನ ಸುತ್ತ ಹಾಕಿರುವ ಐದು ನಕ್ಷತ್ರಗಳನ್ನು ತೆಗೆಯಿರಿ. ಬಿಳಿ ತುಂಬಿದ ಮೇಲೆ ಅಕ್ಷರಗಳ ನಡುವೆ ಪುಟ್ಟ ತೂತುಗಳು ಉಳಿದಿದ್ದರೆ ಬಿಳಿ ಬ್ರಷ್‌ನಿಂದ ಮುಚ್ಚಿಬಿಡಿ. ಅಕ್ಷರದ ಒಳಗಿನ ಖಾಲಿ ಜಾಗಗಳಿಗೂ ಬಿಳಿ ಬಂದಿರುತ್ತದೆ, ಅದು ಇರಲಿ, ಆ ‘ಡಿ’ ಸುರುಳಿಯ ತೂತು ಯಾವ ಹಿನ್ನೆಲೆಯಲ್ಲೂ ಕಾಣುವುದು ಅದರಿಂದಲೇ.

ಪಿಎನ್‌ಜಿ ಆಗಿ ಉಳಿಸಿಕೊಳ್ಳಿ. ಅಲ್ಲಿಂದ ವೆಬ್‌ಪಿ ಮಾಡಲು `cwebp` ಅನ್ನುವ, ಟರ್ಮಿನಲ್‌ನಲ್ಲಿ ಆಜ್ಞೆ ಟೈಪ್ ಮಾಡಿ ಓಡಿಸುವ ಪುಟ್ಟ ಸಾಧನ ಇದೆ, ಅಳತೆ ಕಿರಿದು ಮಾಡುವುದನ್ನೂ ಅದೇ ಮಾಡುತ್ತದೆ:

```
cwebp -lossless -z 9 -resize 512 512 helbedi.png -o helbedi.webp
```

ನಿಮ್ಮ ಚಿತ್ರದ ಹಾಗೆ ನಾಲ್ಕಾರು ಸಪಾಟು ಬಣ್ಣಗಳಿದ್ದರೆ ಇದು ಸಾಮಾನ್ಯವಾಗಿ 100 ಕೆಬಿ ಒಳಗೇ ಬರುತ್ತದೆ, ಅಂಚೂ ಒಂದಿಷ್ಟೂ ಕೆಡುವುದಿಲ್ಲ. ಪೆನ್ಸಿಲ್ ಛಾಯೆ, ಕಾಗದದ ನವಿರು, ಬಣ್ಣದಿಂದ ಬಣ್ಣಕ್ಕೆ ಜಾರುವ ಹಿನ್ನೆಲೆ ಇಂಥದ್ದೆಲ್ಲ ಇದ್ದರೆ ದಾಟುತ್ತದೆ. ಆಗ ಹೀಗೆ:

```
cwebp -q 85 -sharp_yuv -resize 512 512 helbedi.png -o helbedi.webp
```

ಇದು ಸ್ವಲ್ಪ ಮಾಹಿತಿ ಬಿಟ್ಟು ಫೈಲ್ ಕುಗ್ಗಿಸುತ್ತದೆ. ಹೀಗೆ ಕುಗ್ಗಿಸುವಾಗ ಬಣ್ಣದ ವಿವರ ಬೆಳಕಿನ ವಿವರಕ್ಕಿಂತ ಜಾಸ್ತಿ ಕಳೆಯುತ್ತದೆ, ಅದಕ್ಕೇ ಹಳದಿ ಮೇಲೆ ಕೆಂಪು ಅಕ್ಷರದಂಥವು ಅಂಚಿನಲ್ಲಿ ಹರಡಿದ ಹಾಗೆ ಕಾಣುತ್ತವೆ. `-sharp_yuv` ಅದನ್ನು ಒಂದು ಮಟ್ಟಿಗೆ ತಡೆಯುತ್ತದೆ. ಇನ್ನೂ 100 ಕೆಬಿ ದಾಟಿದರೆ 85 ಅನ್ನು 75ಕ್ಕೆ ಇಳಿಸಿ. ಅಲ್ಲಿಂದ ಕೆಳಗೆ ಇಳಿಸುವ ಬದಲು ಚಿತ್ರದ ಛಾಯೆ ಕಡಿಮೆ ಮಾಡುವುದು ವಾಸಿ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಈ ಫೈಲನ್ನು ಕಂಪ್ಯೂಟರಿನಿಂದ ಫೋನಿಗೆ ಸಾಗಿಸಲು ವಾಟ್ಸಾಪ್‌ನಲ್ಲೇ ಫೋಟೋ ಅಂತ ಕಳಿಸಿಕೊಳ್ಳುವುದು. ಫೋಟೋ ಅಂತ ಹೋದದ್ದು ಜೆಪೆಗ್ ಆಗಿಬಿಡುತ್ತದೆ, ಅಷ್ಟು ಕಷ್ಟಪಟ್ಟು ತೆಗೆದ ಹಿನ್ನೆಲೆ ವಾಪಸ್ ಬಂದು ಕೂರುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲ ಕೇಬಲ್ ಹಾಕಿ.

ಪರೀಕ್ಷೆ ಮಾಡದೆ ಗುಂಪಿಗೆ ಬಿಡಬೇಡಿ, ಯಾಕೆಂದರೆ ಒಮ್ಮೆ ಕಳಿಸಿದ ಸ್ಟಿಕ್ಕರ್ ಅವರ ಫೋನಿನಲ್ಲಿ ಹಳೆಯದೇ ಉಳಿಯುತ್ತದೆ. ನೀವು ಆಮೇಲೆ ತಿದ್ದಿದ್ದು ಅಲ್ಲಿಗೆ ತಾನಾಗೇ ಹೋಗುವುದಿಲ್ಲ, ಹಳೆಯದನ್ನು ಮೆಚ್ಚಿನವುಗಳಲ್ಲಿ ಇಟ್ಟುಕೊಂಡವರು ಅದನ್ನೇ ಕಳಿಸುತ್ತಾ ಇರುತ್ತಾರೆ. ಮೊದಲು ನಿಮಗೆ ನೀವೇ ಕಳಿಸಿಕೊಂಡು ಲೈಟ್ ಮೋಡ್‌ನಲ್ಲಿ ಒಮ್ಮೆ, ಡಾರ್ಕ್ ಮೋಡ್‌ನಲ್ಲಿ ಒಮ್ಮೆ, ಏನಾದರೂ ಗಿಜಿಗಿಜಿ ಫೋಟೋವನ್ನು ಹಿನ್ನೆಲೆ ಮಾಡಿಕೊಂಡು ಒಮ್ಮೆ ನೋಡಿ. ಆಮೇಲೆ ಆರಿಸುವ ಜಾಗದಲ್ಲಿ, ಫೋನನ್ನು ತೋಳು ಚಾಚಿದಷ್ಟು ದೂರ ಹಿಡಿದು ನೋಡಿ. ಆದರೆ ನಿಮ್ಮ ಕಣ್ಣನ್ನು ನಂಬಬೇಡಿ. ನಿಮಗೆ ಅಲ್ಲಿ ಏನು ಬರೆದಿದೆ ಅಂತ ಗೊತ್ತು, ಗೊತ್ತಿದ್ದವರಿಗೆ ಮಸುಕಾದದ್ದೂ ಓದಿಸಿಕೊಳ್ಳುತ್ತದೆ. ಈ ಸ್ಟಿಕ್ಕರ್ ನೋಡಿಯೇ ಇಲ್ಲದ ಒಬ್ಬರಿಗೆ, ಓದಲು ಕನ್ನಡಕ ಬೇಕಾಗುವ ವಯಸ್ಸಿನವರಾದರೆ ಇನ್ನೂ ಒಳ್ಳೆಯದು, ತೋರಿಸಿ ಜೋರಾಗಿ ಓದಿ ಅನ್ನಿ. ಅವರು ‘ಹೇಳ್ಬೇಡ’ ಅಂದರೆ ‘ಡಿ’ ತೂತು ಇನ್ನೂ ಸಣ್ಣದು. ‘ಹೇಳ್ಬೇಡಿ’ ಅಂದರೆ ಉಳಿದ ಸ್ಟಿಕ್ಕರ್‌ಗಳಿಗೆ ಇದೇ ಅಳತೆ ಹಿಡಿದುಕೊಂಡು ಹೋಗಿ.

ಉಳಿದವುಗಳಲ್ಲಿ ನೋಡಿಕೊಳ್ಳಬೇಕಾದದ್ದು ಬೆಕ್ಕಿನ ತಲೆಯ ಗಾತ್ರ. ಒಂದರಲ್ಲಿ ಬರೀ ಮುಖ, ಇನ್ನೊಂದರಲ್ಲಿ ಕುರ್ಚಿ ಮೇಲೆ ಕಾಲು ಚಾಚಿ ಓದುವ ಇಡೀ ಬೆಕ್ಕು ಅಂತ ಮಾಡಿದ್ದೀರಿ. ಪಕ್ಕಪಕ್ಕದಲ್ಲಿ ಕೂತಾಗ ಆ ಎರಡನೆಯದರ ಮುಖ ಕಡಲೆಕಾಳಿಗಿಂತ ಸಣ್ಣದು, ಅದು ನಗುತ್ತಿದೆಯೋ ಅಳುತ್ತಿದೆಯೋ ತಿಳಿಯುವುದಿಲ್ಲ. ಕುರ್ಚಿ ತೆಗೆದು, ಮೈ ಮೊಟಕು ಮಾಡಿ, ತಲೆ ದೊಡ್ಡದು ಮಾಡಿ. ಎಲ್ಲದರಲ್ಲೂ ತಲೆ ಚೌಕದ ಅರ್ಧದಷ್ಟಾದರೂ ಇರಲಿ. ಪ್ಯಾಕ್‌ನ ಆ 96 ಪಿಕ್ಸೆಲ್ ಐಕಾನ್‌ಗೆ ಗುಂಪಿನ ಹೆಸರು ಬರೆಯುವ ಆಸೆ ಬಿಡಿ, ಅಲ್ಲಿ ಬೆಕ್ಕಿನ ಮುಖ ಮಾತ್ರ, ಅದೂ ಮೀಸೆ ಎರಡೇ ಸಾಕು.